ಮಾಣಿ ಯಾಕೆ ತೇಲುತ್ತಿದ್ದಾನೆ? ಚಪ್ಪಟೆ ಪಾತ್ರವನ್ನು ನೆಲಕ್ಕೆ ಕೂರಿಸದ ನೆರಳಿನ ದೋಷ ಪತ್ತೆ

ಶಾಟ್ ಸರಳ. ಮುಂಬೈನ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲ್ ಒಳಗೆ ತೆಗೆದ ವಿಡಿಯೊ. ಕ್ಯಾಮೆರಾ ಅಲುಗಾಡುವುದಿಲ್ಲ. ಕೆಳಗೆ ಮೊಸಾಯಿಕ್ ಟೈಲ್ಸ್, ಬಲಗಡೆ ರಸ್ತೆಗೆ ತೆರೆದ ಬಾಗಿಲು, ಮೇಲೆ ಟ್ಯೂಬ್‌ಲೈಟ್. ಅದರೊಳಗೆ ಕೈಯಲ್ಲಿ ಬರೆದ ಒಬ್ಬ ಮಾಣಿ, ಟ್ರೇಯಲ್ಲಿ ಕಾಫಿ ಹಿಡಿದು ಮೇಜಿನ ಕಡೆ ನಡೆದು ಬರುತ್ತಾನೆ. ಡೊಂಬಿವಲಿಯ ಕನ್ನಡ ಹುಡುಗರು ಮಕ್ಕಳ ಕಥೆಯೊಂದಕ್ಕೆ ಮಾಡುತ್ತಿರುವ ಕೆಲಸ ಇದು. ಅವರು ನನಗೆ ಕಳಿಸಿದ ಫೈಲ್ ಜೊತೆ ಒಂದೇ ಸಾಲು ಇತ್ತು: "ಅಣ್ಣಾ, ನೆರಳು ಹಾಕಿದ್ದೇವೆ, ಆದ್ರೂ ಮಾಣಿ ತೇಲ್ತಾ ಇದ್ದಾನೆ."

"ತೇಲ್ತಾ ಇದ್ದಾನೆ" ಅನ್ನುವುದು ಲಕ್ಷಣ, ಕಾರಣ ಅಲ್ಲ. ಅದಕ್ಕೆ ಬೇರೆ ಬೇರೆ ಕಾರಣ ಇರಬಹುದು, ಎಲ್ಲವೂ ನೋಡಲು ಒಂದೇ ಥರ ಕಾಣುತ್ತವೆ. ಹಾಗಾಗಿ ನೆರಳಿನ ಬ್ಲರ್, ಒಪಾಸಿಟಿ ಎಲ್ಲ ಒಟ್ಟಿಗೆ ತಿರುಗಿಸುತ್ತ ಕೂತರೆ ಏನೂ ಸಿಗುವುದಿಲ್ಲ. ಒಂದೊಂದಾಗಿ ಬೇರ್ಪಡಿಸಿ ನೋಡಬೇಕು. ಇಲ್ಲಿ ಹೇಳುವುದು ಆಫ್ಟರ್ ಎಫೆಕ್ಟ್ಸ್ ಲೆಕ್ಕದಲ್ಲಿ. ಬೇರೆ ಸಾಫ್ಟ್‌ವೇರ್ ಆದರೆ ಮೆನು ಬದಲಾಗುತ್ತದೆ, ಬೆಳಕಿನ ಲೆಕ್ಕ ಬದಲಾಗುವುದಿಲ್ಲ.

ಮೊದಲು ನೆರಳನ್ನೇ ಆಫ್ ಮಾಡಿ

ನೆರಳಿನ ಲೇಯರ್ ಎಲ್ಲ ಮುಚ್ಚಿ, ಮಾಣಿಯನ್ನು ಮಾತ್ರ ನೋಡಿ. ಅವನು ನಿಂತಿರುವ ಜಾಗವೇ ತಪ್ಪಾಗಿದ್ದರೆ ಯಾವ ನೆರಳೂ ಅವನನ್ನು ಉಳಿಸುವುದಿಲ್ಲ.

ಇದಕ್ಕೆ ನಂಬಬಹುದಾದ ಪರೀಕ್ಷೆ ಕಣ್ಣಿನ ಮಟ್ಟದ ಗೆರೆ. ಟೈಲ್ಸ್‌ಗಳ ನಡುವಿನ ಸಂದುಗಳಲ್ಲಿ ಕ್ಯಾಮೆರಾದಿಂದ ದೂರಕ್ಕೆ ಓಡುವ ಎರಡನ್ನು ಆರಿಸಿ, ಅವು ಎಲ್ಲಿ ಸೇರುತ್ತವೆ ಅಂತ ಗೆರೆ ಎಳೆದು ನೋಡಿ. ಆ ಬಿಂದುವಿನ ಮೂಲಕ ಒಂದು ಅಡ್ಡಗೆರೆ ಹಾಕಿ. ಕ್ಯಾಮೆರಾವನ್ನು ಓರೆಯಾಗಿ ಹಿಡಿಯದೇ ಇದ್ದರೆ, ಫ್ರೇಮ್‌ನಲ್ಲಿ ಎಲ್ಲೇ ನಿಂತವರನ್ನೂ ಈ ಗೆರೆ ಕ್ಯಾಮೆರಾದ ಎತ್ತರದಲ್ಲೇ ಕತ್ತರಿಸುತ್ತದೆ. ನಮ್ಮ ಶಾಟ್ ತೆಗೆದದ್ದು ಕುರ್ಚಿಯಲ್ಲಿ ಕೂತ ಗಿರಾಕಿಯ ಕಣ್ಣಿನ ಮಟ್ಟದಿಂದ, ಅಂದರೆ ಸುಮಾರು 1.2 ಮೀಟರ್. ಮಾಣಿಯ ಎತ್ತರ 1.6 ಮೀಟರ್ ಅಂದುಕೊಂಡರೆ, ಗೆರೆ ಅವನ ಪಾದದಿಂದ ಮುಕ್ಕಾಲು ಭಾಗ ಮೇಲೆ, ಎದೆಯ ಹತ್ತಿರ ಹಾಯಬೇಕು. ಪರದೆಯಲ್ಲಿ ಅವನು 600 ಪಿಕ್ಸೆಲ್ ಎತ್ತರ ಇದ್ದರೆ 450ನೇ ಪಿಕ್ಸೆಲ್‌ನಲ್ಲಿ.

ಹುಡುಗರ ಫೈಲ್‌ನಲ್ಲಿ ಗೆರೆ ಅವನ ಸೊಂಟದಲ್ಲಿ ಹಾಯುತ್ತಿತ್ತು. ಅಂದರೆ ನಿಂತ ಜಾಗಕ್ಕೆ ಅವನ ಅಳತೆ ದೊಡ್ಡದಾಗಿದೆ, ಅಥವಾ ಅಳತೆಗೆ ತಕ್ಕಂತೆ ಅವನು ಫ್ರೇಮ್‌ನಲ್ಲಿ ಇನ್ನೂ ಕೆಳಗೆ, ಕ್ಯಾಮೆರಾಕ್ಕೆ ಹತ್ತಿರ ನಿಲ್ಲಬೇಕಿತ್ತು. ಕೆಳಕ್ಕೆ ಇಳಿಸಿದ ಕೂಡಲೇ ತೇಲುವಿಕೆ ಸುಮಾರು ಕಡಿಮೆಯಾಯಿತು. ನೆರಳಿಲ್ಲದೇ!

ಇನ್ನೊಂದು ಸಂಗತಿಯನ್ನೂ ಇಲ್ಲೇ ನೋಡಬೇಕು. ಪಕ್ಕದಿಂದ ಕಾಣುವ ಹಾಗೆ ಬರೆದ ಪಾತ್ರದ ಎರಡೂ ಪಾದ ಒಂದೇ ಅಡ್ಡಗೆರೆಯ ಮೇಲೆ ಇರುತ್ತವೆ. ಕಾಗದದ ಮೇಲೆ ಅದು ಸರಿ. ಆದರೆ ನಿಜವಾದ ನೆಲದಲ್ಲಿ ಆಚೆಯ ಪಾದ ಸ್ವಲ್ಪ ದೂರದಲ್ಲಿರುತ್ತದೆ, ಹಾಗಾಗಿ ಪರದೆಯಲ್ಲಿ ಸ್ವಲ್ಪ ಮೇಲೆ ಕಾಣಬೇಕು. ಎಷ್ಟು ಮೇಲೆ? ಕ್ಯಾಮೆರಾ 1.2 ಮೀಟರ್ ಎತ್ತರದಲ್ಲಿ, ಮಾಣಿ 4 ಮೀಟರ್ ದೂರದಲ್ಲಿ ಇದ್ದಾನೆ. 1.2 ಭಾಗಿಸು 4, ಅಂದರೆ 0.3. ನೆಲದ ಮೇಲಿನ ಆಳ ಪರದೆಯಲ್ಲಿ ಸುಮಾರು ಹತ್ತರಲ್ಲಿ ಮೂರು ಪಾಲಿಗೆ ಕುಗ್ಗುತ್ತದೆ. ಪಾದಗಳ ನಡುವೆ 15 ಸೆಂಟಿಮೀಟರ್ ಅಂತರ ಇದ್ದರೆ, ಈ ಅಳತೆಯಲ್ಲಿ ಸುಮಾರು 17 ಪಿಕ್ಸೆಲ್. ಈ 0.3 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡು ನೆರಳು, ಎರಡು ಕೆಲಸ

ಈಗ ನೆರಳುಗಳನ್ನು ವಾಪಸ್ ತರೋಣ, ಒಂದೊಂದಾಗಿ.

ಕಾಸ್ಟ್ ಶ್ಯಾಡೋ ಅಂದರೆ ಒಂದು ನಿರ್ದಿಷ್ಟ ಬೆಳಕನ್ನು ದೇಹ ತಡೆದಾಗ ನೆಲದ ಮೇಲೆ ಉದ್ದಕ್ಕೆ ಬೀಳುವ ನೆರಳು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಅದು ಹೇಳುತ್ತದೆ. ಕಾಂಟ್ಯಾಕ್ಟ್ ಶ್ಯಾಡೋ ಅಂದರೆ ಪಾದ ನೆಲಕ್ಕೆ ತಾಗುವ ಕಡೆಯ ಸಣ್ಣ ಕತ್ತಲು. ಸುತ್ತಲಿಂದ ಬರುವ ಚದುರಿದ ಬೆಳಕೂ ಆ ಇರುಕಿನೊಳಗೆ ಹೋಗಲಾರದು. ಅದಕ್ಕೆ ದಿಕ್ಕು ಅಂತ ಹೆಚ್ಚೇನೂ ಇಲ್ಲ. ಆದರೆ ಪಾದ ನೆಲಕ್ಕೆ ತಾಗಿದೆಯೋ ಇಲ್ಲವೋ ಅನ್ನುವುದನ್ನು ನಮ್ಮ ಕಣ್ಣು ಹೆಚ್ಚಾಗಿ ಇದರಿಂದಲೇ ತೀರ್ಮಾನಿಸುತ್ತದೆ.

ನೆರಳು ಎಷ್ಟು ಬಲವಾಗಿ ಕಣ್ಣನ್ನು ನಡೆಸುತ್ತದೆ ಅನ್ನುವುದಕ್ಕೆ ದೃಷ್ಟಿ ವಿಜ್ಞಾನಿ ಡೇನಿಯಲ್ ಕೆರ್ಸ್ಟನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಬೇಕು. ಪೆಟ್ಟಿಗೆಯೊಳಗೆ ಒಂದು ಚೆಂಡು ಓರೆಯಾಗಿ ಚಲಿಸುತ್ತದೆ. ಪರದೆಯ ಮೇಲೆ ಚೆಂಡಿನ ದಾರಿ ಎರಡೂ ಸಲ ಒಂದೇ. ನೆರಳು ಚೆಂಡಿಗೆ ಅಂಟಿಕೊಂಡು ಹೋದರೆ ಚೆಂಡು ನೆಲದ ಮೇಲೆ ಹಿಂದಕ್ಕೆ ಉರುಳಿದ ಹಾಗೆ ಕಾಣುತ್ತದೆ. ನೆರಳು ಕೆಳಗೇ ಅಡ್ಡಕ್ಕೆ ಹೋದರೆ ಅದೇ ಚೆಂಡು ಗಾಳಿಯಲ್ಲಿ ಮೇಲೇರಿದ ಹಾಗೆ ಕಾಣುತ್ತದೆ. ಅಂದರೆ ಮಾಣಿಯ ಪಾದಕ್ಕೂ ನೆರಳಿಗೂ ನಡುವೆ ನಾಲ್ಕು ಪಿಕ್ಸೆಲ್ ಬೆಳಕು ಬಿಟ್ಟರೂ, ಕಣ್ಣು ಅವನನ್ನು ಎತ್ತಿಬಿಡುತ್ತದೆ.

ಹಾಗಾಗಿ ಪರೀಕ್ಷೆ ಹೀಗೆ. ಕಾಸ್ಟ್ ಶ್ಯಾಡೋ ಆಫ್ ಮಾಡಿ, ಕಾಂಟ್ಯಾಕ್ಟ್ ಮಾತ್ರ ಇಟ್ಟು, ಜೂಮ್ 25%ಗೆ ಇಳಿಸಿ ಪ್ಲೇ ಮಾಡಿ. ಈಗಲೂ ತೇಲಿದರೆ ತಪ್ಪು ಪಾದದಲ್ಲಿದೆ. ತೇಲದೇ ನಿಂತು, ಕಾಸ್ಟ್ ಆನ್ ಮಾಡಿದಾಗ ಕೆಟ್ಟರೆ ತಪ್ಪು ಕಾಸ್ಟ್‌ನಲ್ಲಿದೆ. ಜೂಮ್ ಇಳಿಸುವುದಕ್ಕೆ ಕಾರಣ ಇದೆ. ಹತ್ತಿರದಿಂದ ನೋಡಿದರೆ ಅಂಚಿನ ಮೃದುತನದಂಥ ಸಣ್ಣ ವಿಷಯಗಳೇ ಕಣ್ಣಿಗೆ ಬೀಳುತ್ತವೆ, ಒಟ್ಟು ನಿಲುವು ಕಾಣುವುದಿಲ್ಲ.

ಪಾದದ ತಪ್ಪುಗಳು

ಹುಡುಗರು ಎರಡೂ ಪಾದಕ್ಕೆ ಸೇರಿಸಿ ಒಂದು ದೊಡ್ಡ ಅಂಡಾಕಾರ ಹಾಕಿದ್ದರು. 40% ಕಪ್ಪು, ಜಾಸ್ತಿ ಬ್ಲರ್. ಇದು ತುಂಬ ಕಡೆ ಕಾಣುವ ತಪ್ಪು. ದೊಡ್ಡ ಮಸುಕಾದ ಅಂಡಾಕಾರ ಕಣ್ಣಿಗೆ ಹೇಳುವುದು "ಮೇಲೆ ಏನೋ ಇದೆ, ಆದರೆ ನೆಲದಿಂದ ದೂರದಲ್ಲಿದೆ" ಅಂತ. ವಸ್ತು ನೆಲದಿಂದ ಮೇಲೇಳುತ್ತಿದ್ದಂತೆ ಕಾಂಟ್ಯಾಕ್ಟ್ ಕತ್ತಲು ಹರಡಿ ತೆಳುವಾಗುತ್ತದಲ್ವಾ, ಅದೇ ಚಿತ್ರ ಇದು.

ಪ್ರತಿ ಪಾದಕ್ಕೂ ಎರಡು ಪದರ ಬೇಕು. ಮೊದಲನೆಯದು ತಿರುಳು: ಅಂಗಾಲಿನ ಉದ್ದಕ್ಕಿಂತ ತುಸು ಉದ್ದ, 5–6 ಪಿಕ್ಸೆಲ್ ದಪ್ಪ, 3–4 ಪಿಕ್ಸೆಲ್ ಬ್ಲರ್, ಒಪಾಸಿಟಿ 75% ಹತ್ತಿರ. ಎರಡನೆಯದು ಅದರ ಸುತ್ತಲಿನ ಮಬ್ಬು: ಅಗಲ 150 ಪಿಕ್ಸೆಲ್, ಒಪಾಸಿಟಿ 25%, ಬ್ಲರ್ 20. ಮಬ್ಬಿನ ಎತ್ತರ ಎಷ್ಟು ಅನ್ನುವುದಕ್ಕೆ ಮೇಲಿನ 0.3 ಬೇಕು: 150ರ ಹತ್ತರಲ್ಲಿ ಮೂರು ಪಾಲು, 45 ಪಿಕ್ಸೆಲ್. ಹುಡುಗರ ಅಂಡಾಕಾರ ಹೆಚ್ಚು ದುಂಡಗಿತ್ತು. ಅದು ಮೇಲಿನಿಂದ ನೋಡಿದ ನೆಲಕ್ಕೆ ಸರಿ, ಕುರ್ಚಿಯ ಮಟ್ಟದಿಂದ ನೋಡಿದ ನೆಲಕ್ಕೆ ಅಲ್ಲ. ಈ ಸಂಖ್ಯೆಗಳೆಲ್ಲ 600 ಪಿಕ್ಸೆಲ್ ಪಾತ್ರಕ್ಕೆ. ಪಾತ್ರ ಚಿಕ್ಕದಾದರೆ ಅದೇ ಪ್ರಮಾಣದಲ್ಲಿ ಇಳಿಸಿ.

ತಿರುಳನ್ನು ಇಡುವ ಜಾಗವೂ ಮುಖ್ಯ. ನೆರಳಿನ ಲೇಯರ್ ಪಾತ್ರದ ಹಿಂದೆ ಇರುವುದರಿಂದ ಅದರ ಮೇಲರ್ಧ ಚಪ್ಪಲಿಯ ಹಿಂದೆ ಮುಚ್ಚಿಹೋಗುತ್ತದೆ. ತಿರುಳಿನ ನಡುಗೆರೆ ಅಂಗಾಲಿಗಿಂತ ಒಂದೆರಡು ಪಿಕ್ಸೆಲ್ ಕೆಳಗಿದ್ದರೆ ಸಾಕು. ಚಿತ್ರದ ಅಂಚಿನಲ್ಲಿ ಅರೆಪಾರದರ್ಶಕ ಪಿಕ್ಸೆಲ್ ಇದ್ದರೆ ಅಲ್ಲಿಂದ ನೆಲ ಇಣುಕಿ, ಕಾಲಿಗೂ ನೆರಳಿಗೂ ನಡುವೆ ಕೂದಲೆಳೆಯಷ್ಟು ಬೆಳ್ಳಗಿನ ಗೆರೆ ಕಾಣುತ್ತದೆ. ಅದನ್ನು 400% ಜೂಮ್‌ನಲ್ಲಿ ಒಮ್ಮೆ ಹುಡುಕಿ ನೋಡಿ.

ಇನ್ನು ನಡಿಗೆ. ನಿಂತ ಫ್ರೇಮ್‌ನಲ್ಲಿ ಸರಿ, ನಡೆದಾಗ ಜಾರಿದ ಹಾಗೆ ಕಾಣುತ್ತದೆ ಅಂದರೆ ನೆರಳನ್ನು ಪಾದದ ಲೇಯರ್‌ಗೆ ಪೇರೆಂಟ್ ಮಾಡಿರುತ್ತಾರೆ. ಆಗ ಪಾದ ಎತ್ತಿದಾಗ ನೆರಳೂ ಎದ್ದು ಗಾಳಿಯಲ್ಲಿ ಬರುತ್ತದೆ. ನೆರಳು ನೆಲದ್ದು, ಪಾದದ್ದಲ್ಲ. ಪಾದದ ಅಡ್ಡ ಚಲನೆಯನ್ನು ಮಾತ್ರ ಅದು ಹಿಂಬಾಲಿಸಬೇಕು, ಏರಿಳಿತವನ್ನಲ್ಲ. ಪಾದ ಎತ್ತಿದಷ್ಟೂ ತಿರುಳು ಬೇಗ ಮಾಯವಾಗಬೇಕು. ಪ್ರತಿ ಪಾದದ ಕೆಳಗೆ ನೆಲದ ಮಟ್ಟದಲ್ಲಿ ಒಂದು ನಲ್, ಅಂದರೆ ಜಾಗ ಗುರುತಿಸಲು ಮಾತ್ರ ಇರುವ ಕಾಣದ ಲೇಯರ್ ಇಟ್ಟು, ತಿರುಳಿನ ಒಪಾಸಿಟಿಗೆ ಈ ಎಕ್ಸ್‌ಪ್ರೆಶನ್ ಹಾಕಿ:

```
f = thisComp.layer("foot_L");
h = f.toComp(f.anchorPoint)[1];
g = thisComp.layer("ground_L").transform.position[1];
linear(g - h, 0, 18, 75, 0)
```

ಪಾದದ ಆಂಕರ್ ಪಾಯಿಂಟ್ ಅಂಗಾಲಿನಲ್ಲೇ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. `ground_L` ನಲ್ ಅನ್ನು ಯಾವುದಕ್ಕೂ ಪೇರೆಂಟ್ ಮಾಡಬಾರದು. ಇಲ್ಲಿ 18 ಪಿಕ್ಸೆಲ್ ಅಂದರೆ ಸುಮಾರು 5 ಸೆಂಟಿಮೀಟರ್. ಅಷ್ಟು ಎತ್ತಿದಾಗ ತಿರುಳು ಪೂರ್ತಿ ಹೋಗಿರುತ್ತದೆ. ಮಬ್ಬಿಗೆ ಇದೇ ಎಕ್ಸ್‌ಪ್ರೆಶನ್ ಸಾಕು. ಆದರೆ 18ರ ಬದಲು 60, 75ರ ಬದಲು 25 ಹಾಕಿ, ಯಾಕೆಂದರೆ ಅದು ನಿಧಾನವಾಗಿ ಕರಗಬೇಕು.

ಮಾಣಿ ಕ್ಯಾಮೆರಾ ಕಡೆಗೂ ಸ್ವಲ್ಪ ಬರುತ್ತಾನಾದರೆ ನಲ್‌ಗಳ ಎತ್ತರಕ್ಕೆ ಪ್ರತಿ ಹೆಜ್ಜೆಗೂ ಕೀ ಹಾಕಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಪಾದ ನೆಲಕ್ಕೆ ತಾಗಿದ ಫ್ರೇಮ್‌ನಲ್ಲಿ ನಲ್ ಅಲ್ಲಿರಬೇಕು, ಅಷ್ಟೇ.

ಕಾಸ್ಟ್ ಶ್ಯಾಡೋ ಕೆಡಿಸುವ ರೀತಿಗಳು

ಮಾಣಿ ಗಾಜಿಗೆ ಅಂಟಿಸಿದ ಸ್ಟಿಕ್ಕರ್ ಥರ ಕಂಡರೆ ಲೇಯರ್ ಮೇಲೆ `Drop Shadow` ಇದೆಯಾ ಅಂತ ನೋಡಿ. ಅದು ಪಾತ್ರದ ಆಕಾರವನ್ನೇ ಪಕ್ಕಕ್ಕೆ ಸರಿಸಿ ಇಡುತ್ತದೆ. ಅಂದರೆ ಪಾತ್ರದ ಬೆನ್ನ ಹಿಂದೆ ಅದಕ್ಕೆ ಸಮಾನಾಂತರವಾಗಿ ಒಂದು ಗೋಡೆ ಇದೆ ಅಂತ ಹೇಳುತ್ತದೆ. ನೆಲಕ್ಕೆ ಅದರಿಂದ ಏನೂ ಪ್ರಯೋಜನ ಇಲ್ಲ. ತೆಗೆದುಹಾಕಿ.

ಆ ಎಫೆಕ್ಟ್ ಬೇಡ ಅಂತ ಹಲವರು ಲೇಯರ್ ಅನ್ನು 3ಡಿ ಮಾಡಿ, ಲೈಟ್ ಇಟ್ಟು, ನಿಜವಾದ ನೆರಳು ಬೀಳಿಸುತ್ತಾರೆ. ನಮ್ಮ ಹುಡುಗರೂ ಹೀಗೇ ಮಾಡಿದ್ದರು. ಲೈಟ್ ಇಟ್ಟ ಜಾಗ ಸರಿಯಿತ್ತು, ಬಲಗಡೆ ಬಾಗಿಲಲ್ಲೇ. ಆದರೂ ನೆಲದ ಮೇಲೆ ಬಿದ್ದದ್ದು ಒಂದು ತೆಳ್ಳಗಿನ ಪಟ್ಟಿ, ಕೋಲಿನ ನೆರಳಿನಂತೆ. ಲೈಟ್‌ನ ಸೆಟ್ಟಿಂಗ್‌ನಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ಯಾಕೆಂದರೆ ಲೆಕ್ಕ ಸರಿಯಾಗಿಯೇ ಇದೆ. ಮಾಣಿ ಒಂದು ರಟ್ಟು. ರಟ್ಟಿನ ಮುಖ ಕ್ಯಾಮೆರಾ ಕಡೆ, ಬೆಳಕು ಬರುವುದು ಅದರ ಅಂಚಿನ ಕಡೆಯಿಂದ. ರಟ್ಟಿಗೂ ಬೆಳಕಿಗೂ ನಡುವೆ 15 ಡಿಗ್ರಿ ಮಾತ್ರ ಇದ್ದರೆ, ನೆರಳಿನ ಅಗಲ ರಟ್ಟಿನ ಅಗಲದ ಕಾಲು ಭಾಗಕ್ಕೆ ಕುಗ್ಗುತ್ತದೆ. ನಿಜವಾದ ಮನುಷ್ಯನಿಗೆ ಬೆನ್ನಿನಿಂದ ಹೊಟ್ಟೆಯವರೆಗೆ ದಪ್ಪ ಇರುತ್ತದೆ, ರಟ್ಟಿಗೆ ಇಲ್ಲ.

ಪರಿಹಾರ: ನೆರಳಿಗೇ ಅಂತ ಬೇರೆ ರಟ್ಟು. ಬಾಗಿಲಲ್ಲಿ ನಿಂತು ನೋಡಿದರೆ ಮಾಣಿ ಹೇಗೆ ಕಾಣುತ್ತಾನೋ ಆ ಆಕಾರವನ್ನು ಕಪ್ಪಾಗಿ ಬರೆದು, ಬೆಳಕಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿ. ಅದರ `Material Options` ಒಳಗೆ `Casts Shadows` ಅನ್ನು `Only` ಮಾಡಿ. ಆಗ ಆ ರಟ್ಟು ತಾನು ಕಾಣುವುದಿಲ್ಲ, ನೆರಳು ಮಾತ್ರ ಬೀಳುತ್ತದೆ. ಮೂಲ ಮಾಣಿಯದು `Off`. ಈ ಆಕಾರ ಕರಾರುವಾಕ್ಕಾಗಿರಬೇಕು ಅಂತಿಲ್ಲ. ಟ್ರೇ ಒಂದು ಉಬ್ಬಿನಂತೆ ಕಂಡರೂ ಯಾರೂ ಕೇಳುವುದಿಲ್ಲ. ನೆರಳಿನ ಬುಡ ಪಾದದಲ್ಲಿ ಸೇರಬೇಕು, ದಿಕ್ಕು ಸರಿಯಿರಬೇಕು. ನೋಡುವವರ ಕಣ್ಣು ತಪ್ಪದೇ ಹಿಡಿಯುವುದು ಈ ಎರಡನ್ನು.

3ಡಿ ಬೇಡ ಅಂದರೆ ಆ ಕಪ್ಪು ಆಕಾರಕ್ಕೇ `CC Power Pin` ಹಾಕಿ ನೆಲದ ಮೇಲೆ ಮಲಗಿಸಬಹುದು. ಕ್ಯಾಮೆರಾ ಅಲುಗದ ಶಾಟ್‌ಗೆ ನಾನು ಇದನ್ನೇ ಮೆಚ್ಚುತ್ತೇನೆ, ಕೈಯಲ್ಲಿ ಹಿಡಿತ ಜಾಸ್ತಿ.

ದಿಕ್ಕನ್ನು ಊಹಿಸಬೇಡಿ, ಶಾಟ್‌ನಲ್ಲೇ ಇದೆ. ಎರಡು ಮೇಜಿನ ಕಾಲುಗಳನ್ನು ಆರಿಸಿ, ಪ್ರತಿ ಕಾಲಿನ ಬುಡದಿಂದ ಅದರ ನೆರಳಿನ ಉದ್ದಕ್ಕೂ ಗೆರೆ ಎಳೆದು, ಬೆಳಕಿನ ಕಡೆಗೆ ಹಿಂದಕ್ಕೆ ಮುಂದುವರಿಸಿ. ಬಾಗಿಲಿನಂಥ ಹತ್ತಿರದ ಬೆಳಕಾದರೆ ಆ ಗೆರೆಗಳು ಬಾಗಿಲಿನ ಬುಡದ ಹತ್ತಿರ ಸೇರುತ್ತವೆ. ಆ ಬಿಂದುವಿನಿಂದ ಮಾಣಿಯ ಪಾದದ ಮೂಲಕ ಹಾಯುವ ಗೆರೆಯೇ ಅವನ ನೆರಳಿನ ದಿಕ್ಕು. ಅವನು ನಡೆದಂತೆ ಈ ದಿಕ್ಕು ತಿರುಗಬೇಕು. ತಿರುಗದೇ ಇದ್ದರೆ ನಡಿಗೆಯ ಕೊನೆಯಲ್ಲಿ ಮೇಜಿನ ನೆರಳು ಒಂದು ಕಡೆ, ಅವನದು ಇನ್ನೊಂದು ಕಡೆ ಆಗುತ್ತದೆ.

ಅಂಚು ಎಲ್ಲಿ ಗಟ್ಟಿ, ಎಲ್ಲಿ ಮಸುಕು

ನೆರಳಿಗೆಲ್ಲ ಒಂದೇ ಬ್ಲರ್ ಹಾಕುವುದು ಇನ್ನೊಂದು ದೊಡ್ಡ ದೋಷ. ಲಕ್ಷಣ: ಬುಡದಲ್ಲಿ ಪಾದ ಕರಗಿದ ಹಾಗೆ, ಅಥವಾ ತಲೆಯ ನೆರಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ.

ಮಸುಕಿನ ಅಗಲಕ್ಕೆ ಸರಳ ಲೆಕ್ಕ ಇದೆ. ಬೆಳಕಿನ ಅಗಲವನ್ನು, ಅಡ್ಡ ನಿಂತ ಭಾಗದಿಂದ ಅದರ ನೆರಳಿಗೆ ಇರುವ ದೂರದಿಂದ ಗುಣಿಸಿ, ಬೆಳಕಿನಿಂದ ಆ ಭಾಗಕ್ಕೆ ಇರುವ ದೂರದಿಂದ ಭಾಗಿಸಿ. ಬಾಗಿಲಿನ ಅಗಲ 1.2 ಮೀಟರ್, ಮಾಣಿ ಅಲ್ಲಿಂದ 3 ಮೀಟರ್ ದೂರ ಅನ್ನೋಣ. ಚಪ್ಪಲಿಯ ಅಂಚಿನಿಂದ ನೆರಳಿಗೆ 3 ಸೆಂಟಿಮೀಟರ್ ಇದ್ದರೆ ಮಸುಕು 1.2 ಸೆಂಟಿಮೀಟರ್, ಪರದೆಯಲ್ಲಿ ನಾಲ್ಕೈದು ಪಿಕ್ಸೆಲ್. ತಲೆಯಿಂದ ಅದರ ನೆರಳಿಗೆ 2 ಮೀಟರ್ ಇದ್ದರೆ ಮಸುಕು 80 ಸೆಂಟಿಮೀಟರ್! ತಲೆಗಿಂತ ಎಷ್ಟೋ ಅಗಲ. ಅಂದರೆ ಬಾಗಿಲ ಬೆಳಕಲ್ಲಿ ತಲೆಯ ಆಕಾರವೇ ಕಾಣಬಾರದು. ಮೊಣಕಾಲು ದಾಟುತ್ತಿದ್ದಂತೆ ನೆರಳು ಕರಗಬೇಕು.

ಬಿಸಿಲಾದರೆ ಕಥೆ ಬೇರೆ. ಸೂರ್ಯ ನಮಗೆ ಅರ್ಧ ಡಿಗ್ರಿಯಷ್ಟೇ ಅಗಲ ಕಾಣುವುದರಿಂದ 2 ಮೀಟರ್ ದೂರಕ್ಕೂ ಮಸುಕು ಸುಮಾರು 2 ಸೆಂಟಿಮೀಟರ್. ಅಲ್ಲಿ ತಲೆಯ ಆಕಾರ ಸ್ಪಷ್ಟವಾಗಿ ಬರಬೇಕು.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದಕ್ಕೆ `Compound Blur` ಇದೆ. ಪಾದದ ಕಡೆ ಕಪ್ಪು, ತಲೆಯ ಕಡೆ ಬಿಳಿ ಆಗುವ ಗ್ರೇಡಿಯೆಂಟ್ ಒಂದನ್ನು ಪ್ರಿಕಾಂಪ್ ಮಾಡಿ ಬ್ಲರ್ ಲೇಯರ್ ಆಗಿ ಕೊಡಿ. ಬಿಳಿ ಇರುವಲ್ಲಿ ಹೆಚ್ಚು ಮಸುಕಾಗುತ್ತದೆ. ಒಪಾಸಿಟಿಯೂ ಅದೇ ದಿಕ್ಕಿನಲ್ಲಿ ಇಳಿಯಲಿ.

ಬಣ್ಣ

ನೆರಳು ಮಸಿಯ ಕಲೆಯ ಹಾಗೆ ಕಾಣುತ್ತಿದೆಯಾ? ಶುದ್ಧ ಕಪ್ಪು ಬಳಸಿದ್ದೀರಿ. ನೆರಳಿನೊಳಗೂ ಬೇರೆ ಬೆಳಕು ಬೀಳುತ್ತಿರುತ್ತದೆ, ಅದರ ಬಣ್ಣ ಅಲ್ಲಿ ಕಾಣುತ್ತದೆ. ಮೇಜಿನ ನೆರಳನ್ನೇ ಅಳೆಯಿರಿ. ಬೆಳಕು ಬಿದ್ದ ಟೈಲ್ 180, 165, 145 ಅಂತಲೂ, ಅದೇ ಥರದ ಟೈಲ್ ನೆರಳಲ್ಲಿ 95, 92, 90 ಅಂತಲೂ ಬಂತು ಅನ್ನೋಣ. ಒಂದೊಂದು ಚಾನೆಲ್ ಭಾಗಿಸಿ 255ರಿಂದ ಗುಣಿಸಿದರೆ 135, 142, 158. ನೀಲಿ ಕಡೆ ವಾಲಿದ ಬೂದು. ಇದನ್ನು ನೆರಳಿನ ಬಣ್ಣವಾಗಿ ಹಾಕಿ, ಒಪಾಸಿಟಿ 100%, ಬ್ಲೆಂಡಿಂಗ್ `Multiply`. ತಲೆಯ ಕಡೆಗೆ ಇಳಿಯುವುದು ಈ 100ರಿಂದಲೇ. ಟೈಲ್ಸ್‌ನ ಚುಕ್ಕೆ, ಸಂದು ಎಲ್ಲ ನೆರಳಿನ ಒಳಗೂ ಉಳಿಯುತ್ತವೆ. ಅಳತೆ ತೆಗೆದ ಕಲರ್ ಸೆಟ್ಟಿಂಗ್‌ನಲ್ಲೇ ಬಳಸಿ, ನಡುವೆ ಬದಲಾಯಿಸಿದರೆ ಅನುಪಾತ ಕೆಡುತ್ತದೆ.

ಮಾಣಿಯ ನೆರಳು ಮೇಜಿನ ನೆರಳಿನ ಮೇಲೆ ಹಾದಾಗ ಅಲ್ಲಿ ಇಮ್ಮಡಿ ಕತ್ತಲಾದರೆ ಅದೂ ತಪ್ಪು. ಬಾಗಿಲ ಬೆಳಕನ್ನು ಮೇಜು ಆಗಲೇ ತಡೆದಿದೆ, ಮಾಣಿ ಮತ್ತೆ ತಡೆಯಲು ಅಲ್ಲಿ ಏನೂ ಉಳಿದಿಲ್ಲ. ಕಾಸ್ಟ್ ಶ್ಯಾಡೋಗೆ ಅಲ್ಲಿ ಮಾಸ್ಕ್ ಹಾಕಿ ತೆಗೆಯಬೇಕು. ಆದರೆ ಕಾಂಟ್ಯಾಕ್ಟ್ ಅನ್ನು ತೆಗೆಯಬೇಡಿ. ಅದು ತಡೆಯುವುದು ಚದುರಿದ ಬೆಳಕನ್ನು, ಮತ್ತು ಆ ಬೆಳಕು ಮೇಜಿನ ನೆರಳಿನೊಳಗೂ ಇದೆ.

ಇಷ್ಟೆಲ್ಲ ಸರಿಯಾದ ಮೇಲೂ ಸ್ವಲ್ಪ ತೇಲಿದರೆ ನೆಲದ ಹೊಳಪು ನೋಡಿ. ಮೇಜಿನ ಕಾಲು ಟೈಲ್ಸ್‌ನಲ್ಲಿ ಪ್ರತಿಫಲಿಸುತ್ತಿದ್ದರೆ ಮಾಣಿಗೂ ಪ್ರತಿಬಿಂಬ ಬೇಕು. ಪಾತ್ರವನ್ನು ತಲೆಕೆಳಗು ಮಾಡಿ ಪಾದಕ್ಕೆ ಪಾದ ಸೇರಿಸಿ, 10–15% ಒಪಾಸಿಟಿಯಲ್ಲಿ ಇಡಿ. ಬೆಳಕು ಎಲ್ಲಿಂದಲೇ ಬರಲಿ, ಪ್ರತಿಬಿಂಬ ನೇರ ಕೆಳಕ್ಕೇ ಹೋಗುತ್ತದೆ. ಹೊಳಪು ಹೆಚ್ಚಿದಷ್ಟೂ ಕಾಸ್ಟ್ ಶ್ಯಾಡೋ ತೆಳುವಾಗಿ ಕಾಣುತ್ತದೆ.

ಶಾಟ್ ಹೊರಗಿನದಾದರೆ

ಇದೇ ಮಾಣಿಯನ್ನು ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೂ ನಿಲ್ಲಿಸುವ ಯೋಚನೆ ಹುಡುಗರಿಗಿದೆ. ಹಾಗಾದರೆ ಶೂಟ್ ಮಾಡಿದ ತಿಂಗಳು, ಹೊತ್ತು ಬರೆದಿಟ್ಟುಕೊಳ್ಳಬೇಕು. ಜುಲೈಯ ದಟ್ಟ ಮೋಡದಲ್ಲಿ ಇಡೀ ಆಕಾಶವೇ ಬೆಳಕು. ಅಲ್ಲಿ ಕಾಸ್ಟ್ ಶ್ಯಾಡೋ ಹಾಕಿದರೆ ಅದೇ ದೋಷ. ಕಾಂಟ್ಯಾಕ್ಟ್ ತಿರುಳು ಮತ್ತು ಸ್ವಲ್ಪ ಅಗಲವಾದ ಮಬ್ಬು, ಇವೆರಡೇ ಸಾಕು.

ಬಿಸಿಲಿದ್ದರೆ ನೆರಳಿನ ಉದ್ದ ಹೊತ್ತಿನ ಮೇಲೆ ನಿಂತಿದೆ. ಮುಂಬೈ 19 ಡಿಗ್ರಿ ಉತ್ತರದಲ್ಲಿದೆ. ಹಾಗಾಗಿ ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯ ಹೊತ್ತಿಗೆ ಇನ್ನೊಮ್ಮೆ ಸೂರ್ಯ ನಡುನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ಇಲ್ಲಿ ನಿಜವಾದ ಮಧ್ಯಾಹ್ನ ಗಡಿಯಾರದಲ್ಲಿ 12 ಗಂಟೆಗಲ್ಲ, ಹನ್ನೆರಡೂವರೆ ದಾಟಿದ ಮೇಲೆ. ಆ ಹೊತ್ತಿನ ಶಾಟ್‌ನಲ್ಲಿ ನೆರಳು ಪೂರ್ತಿ ಪಾದದ ಸುತ್ತಲೇ ಇರುತ್ತದೆ. ಡಿಸೆಂಬರ್ ಕೊನೆಯಲ್ಲಿ ಅದೇ ಮಧ್ಯಾಹ್ನ ಸೂರ್ಯ 48 ಡಿಗ್ರಿಯಷ್ಟೇ ಏರುತ್ತಾನೆ. ಆಗ 1.6 ಮೀಟರ್ ಮಾಣಿಗೆ ಸುಮಾರು 1.45 ಮೀಟರ್ ನೆರಳು, ಉತ್ತರದ ಕಡೆಗೆ. ಪ್ಲಾಟ್‌ಫಾರ್ಮ್ ಅಷ್ಟು ಅಗಲ ಇಲ್ಲದೇ ನೆರಳು ಅಂಚಿನಿಂದ ಹಳಿಗೆ ಇಳಿಯುವುದಾದರೆ, ಅಂಚಿನಲ್ಲಿ ಅದನ್ನು ಎರಡಾಗಿ ಕತ್ತರಿಸಿ. ಮೇಲಿನ ತುಂಡು ಪ್ಲಾಟ್‌ಫಾರ್ಮ್ ನೆಲದ ಪರ್ಸ್‌ಪೆಕ್ಟಿವ್‌ನಲ್ಲಿ, ಕೆಳಗಿನದು ಹಳಿಯ ಮಟ್ಟದ ಪರ್ಸ್‌ಪೆಕ್ಟಿವ್‌ನಲ್ಲಿ, ಎರಡಕ್ಕೂ ಬೇರೆ ಬೇರೆ `CC Power Pin`.